ವಿಮಾನ ನಿಲ್ದಾಣದಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುವುದು ಹೇಗೆಂದು ಕೇಳಿದ ಅತಿಥಿಗೆ ಏನೆಂದು ಉತ್ತರಿಸಲಿ?

ಸಂಕಿರಣದ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಸಾಲಗಾಮೆ ರಸ್ತೆಯಲ್ಲಿರುವ ನಮ್ಮ ಕಾಲೇಜಿನಲ್ಲಿ ಆಗಸ್ಟ್ 8 ಮತ್ತು 9ರಂದು, ಅಂದರೆ ಎರಡನೆಯ ಶನಿವಾರ ಮತ್ತು ಅದರ ಮರುದಿನ, ಹೊಯ್ಸಳರ ಕಾಲದ ಶಾಸನಗಳನ್ನು ಕುರಿತ ವಿಚಾರ ಸಂಕಿರಣವಿದೆ. ಅತಿಥಿಗಳ ಪ್ರಯಾಣ ಮತ್ತು ವಸತಿಯ ಹೊಣೆಯನ್ನು ನನಗೆ ವಹಿಸಿದ್ದಾರೆ. ದೆಹಲಿಯಲ್ಲಿ ನೆಲೆಸಿರುವ ಕನ್ನಡದ ಹಿರಿಯ ಸಂಶೋಧಕಿಯೊಬ್ಬರಿಂದ ನಿನ್ನೆ ಬಂದ ಇಮೇಲನ್ನು ಅವರ ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ.

"ಮಾನ್ಯ ಸಂಚಾಲಕರಿಗೆ ನಮಸ್ಕಾರಗಳು. ತಮ್ಮ ಆಹ್ವಾನ ತಲುಪಿತು, ಸಂತೋಷವಾಯಿತು. ನಾನು ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಮುಂದಕ್ಕೆ ಸಾರ್ವಜನಿಕ ಸಾರಿಗೆಯಲ್ಲಿಯೇ ಪ್ರಯಾಣ ಮಾಡಬೇಕೆಂದಿದ್ದೇನೆ. ಟ್ಯಾಕ್ಸಿಯ ವೆಚ್ಚವನ್ನು ನಮ್ಮ ಸಂಸ್ಥೆ ಭರಿಸುವುದಿಲ್ಲ, ತಮ್ಮ ಮೇಲೆ ಆ ಹೊರೆ ಹಾಕುವುದು ನನಗೂ ಇಷ್ಟವಿಲ್ಲ. ವಿಮಾನ ನಿಲ್ದಾಣದಿಂದ ಸಂಕಿರಣದ ಸ್ಥಳಕ್ಕೆ ತಲುಪುವ ಮಾರ್ಗವನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ. ನಾನು ಹಾಸನಕ್ಕೆ ಬಂದು ಇಪ್ಪತ್ತು ವರ್ಷಗಳಾದವು."

ನಾನು ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಆದರೆ ವಿಮಾನ ನಿಲ್ದಾಣದಿಂದ ಬರುವಾಗಲೆಲ್ಲ ಅಣ್ಣನ ಕಾರಿನಲ್ಲಿಯೇ ಬಂದವಳಾದ್ದರಿಂದ ಬಸ್ಸಿನ ವಿಷಯ ಸರಿಯಾಗಿ ಗೊತ್ತಿಲ್ಲ. "ಮೆಜೆಸ್ಟಿಕ್‌ಗೆ ಬಂದು ಹಾಸನದ ಬಸ್ಸು ಹಿಡಿಯಿರಿ" ಎಂದು ಒಂದು ಸಾಲು ಬರೆದು ಕಳುಹಿಸಿದರೆ ಸಾಕೇ, ಅಥವಾ ಇನ್ನೇನಾದರೂ ತಿಳಿಸಬೇಕೇ?

ಬೇಲೂರಿನವ

ಮೇಡಂ, ಅತಿಥಿಗಳು ಶಾಸನದ ಸಂಶೋಧಕರಾದ್ದರಿಂದ ಖಂಡಿತವಾಗಿಯೂ ಬೇಲೂರು ಮತ್ತು ಹಳೇಬೀಡು ನೋಡಲು ಬಯಸುತ್ತಾರೆ. ಹಾಸನದ ಬಸ್ ನಿಲ್ದಾಣದಿಂದ ಬೇಲೂರಿಗೆ ದಿನವಿಡೀ ಬಸ್ಸುಗಳಿವೆ, ಹಳೇಬೀಡಿಗೆ ನೇರ ಬಸ್ಸುಗಳು ಅದಕ್ಕಿಂತ ಕಡಿಮೆ. ಬೆಳಿಗ್ಗೆ ಹಳೇಬೀಡಿಗೆ ಹೋಗಿ, ಅಲ್ಲಿಂದ ಬೇಲೂರಿಗೆ ಬಂದು, ಸಂಜೆ ಹಾಸನಕ್ಕೆ ಹಿಂದಿರುಗುವುದು ಅನುಕೂಲ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ವಾರಾಂತ್ಯದಲ್ಲಿ ಜನಸಂದಣಿ ಹೆಚ್ಚಾಗಿದೆ.

ಸಂಕಿರಣದ ಉಪನ್ಯಾಸಕಿ, ಹಾಸನ

ಧನ್ಯವಾದಗಳು ಸರ್. ಆದರೆ ಅವರು ಕೇಳಿರುವುದು ವಿಮಾನ ನಿಲ್ದಾಣದಿಂದ ಕಾಲೇಜಿಗೆ ಬರುವ ದಾರಿಯನ್ನು. ದೇವಸ್ಥಾನಗಳಿಗೆ ಭಾನುವಾರ ಮಧ್ಯಾಹ್ನ ಕಾಲೇಜಿನ ಬಸ್ಸಿನಲ್ಲಿಯೇ ಕರೆದೊಯ್ಯುತ್ತೇವೆ.

ವಾರಕ್ಕೊಮ್ಮೆ ಯಶವಂತಪುರ

ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ, ರೈಲಿನಲ್ಲಿ ಬರಲು ಹೇಳಿ. 2017ರಲ್ಲಿ ಕುಣಿಗಲ್ ಮತ್ತು ಶ್ರವಣಬೆಳಗೊಳದ ಮೂಲಕ ಹೊಸ ಮಾರ್ಗ ಆರಂಭವಾದ ಮೇಲೆ ಯಶವಂತಪುರದಿಂದ ಹಾಸನಕ್ಕೆ ಮೂರು ಗಂಟೆಯ ಆಸುಪಾಸಿನಲ್ಲಿ ಬಂದುಬಿಡಬಹುದು. ನಾನು ಪ್ರತಿ ವಾರ ಓಡಾಡುವವನು, ಬಸ್ಸಿನ ಗೋಜಿಗೇ ಹೋಗುವುದಿಲ್ಲ. ವಿಮಾನ ನಿಲ್ದಾಣದ ಬಳಿಯೂ ಈಗ ರೈಲು ನಿಲ್ದಾಣವಿದೆಯಲ್ಲ, ಅಲ್ಲಿಯೇ ಹತ್ತಿಕೊಂಡು ಬರಬಹುದು.

ನಿವೃತ್ತ ಟಿ.ಸಿ.

ನಾನು ರಾಜ್ಯ ಸಾರಿಗೆಯಲ್ಲಿ ಹನ್ನೊಂದು ವರ್ಷ ನಿರ್ವಾಹಕನಾಗಿ, ಆಮೇಲೆ ಸಂಚಾರ ನಿಯಂತ್ರಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಮೇಡಂ, ಆ ಇಮೇಲಿಗೆ ಈಗಲೇ ಉತ್ತರ ಬರೆಯಬೇಡಿ. ಉತ್ತರ ಕೊಡಲು ಬೇಕಾದ ಮುಖ್ಯ ವಿಷಯವೇ ಅದರಲ್ಲಿಲ್ಲ. ಅವರ ವಿಮಾನ ಇಳಿಯುವುದು ಎಷ್ಟು ಗಂಟೆಗೆ? ಬೆಳಿಗ್ಗೆ ಒಂಬತ್ತಕ್ಕೆ ಇಳಿಯುವವರಿಗೂ ರಾತ್ರಿ ಒಂಬತ್ತಕ್ಕೆ ಇಳಿಯುವವರಿಗೂ ಒಂದೇ ದಾರಿ ಹೇಳಲಾಗುವುದಿಲ್ಲ.

ರೈಲಿನವರು ಹೇಳಿದ್ದು ಯಶವಂತಪುರದಿಂದ ಈಚೆಗೆ ಸರಿಯಾಗಿದೆ, ಆಚೆಗೆ ಸರಿಯಾಗಿಲ್ಲ. ವಿಮಾನ ನಿಲ್ದಾಣದ ಹಾಲ್ಟ್ 2021ರಲ್ಲಿ ಆರಂಭವಾಗಿದ್ದು ನಿಜ. ಆದರೆ ಅದು ಟರ್ಮಿನಲ್ಲಿನ ಒಳಗಿಲ್ಲ, ಹೆದ್ದಾರಿಯ ಕಡೆಗಿದೆ. ಅಲ್ಲಿ ನಿಲ್ಲುವ ಗಾಡಿಗಳು ದಿನಕ್ಕೆ ಬೆರಳೆಣಿಕೆಯಷ್ಟು, ಅವು ಕೆಲಸಕ್ಕೆ ಹೋಗಿ ಬರುವವರ ವೇಳೆಗೆ ಹೊಂದಿಸಿದವು. ಅವು ಹಾಸನಕ್ಕಂತೂ ಬರುವುದಿಲ್ಲ. ಹೊರಗಿನಿಂದ ಬರುವ ಅತಿಥಿಗೆ ಆ ದಾರಿಯನ್ನು ನಾನು ಹೇಳುವುದಿಲ್ಲ.

ಅವರಿಗೆ ವಿನಯದಿಂದ ನಾಲ್ಕು ವಿಷಯ ಕೇಳಿ. ವಿಮಾನ ಇಳಿಯುವ ದಿನ ಮತ್ತು ಗಂಟೆ ಯಾವುದು, ವಿಮಾನದ ಹೊಟ್ಟೆಗೆ ಹಾಕಿದ ಪೆಟ್ಟಿಗೆ ಇದೆಯೋ ಅಥವಾ ಕೈಚೀಲ ಮಾತ್ರವೋ, ಶನಿವಾರ ಅವರ ಪ್ರಬಂಧ ಎಷ್ಟು ಗಂಟೆಗೆ ಎಂಬುದು ಅವರಿಗೆ ತಿಳಿದಿದೆಯೇ, ಹಿಂದಿರುಗುವ ವಿಮಾನ ಯಾವಾಗ. ವಯಸ್ಸಾದವರಾದರೆ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವೇ ಎಂಬುದನ್ನೂ ಜೊತೆಯಲ್ಲಿ ಕೇಳಿಬಿಡಿ, ಅದನ್ನು ಅವರಾಗಿಯೇ ಬರೆಯುವುದಿಲ್ಲ.

ಸಕಲೇಶಪುರದ ತೋಟದವರು

ಎಲ್ಲರೂ ಬೆಂಗಳೂರನ್ನೇ ಏಕೆ ಹಿಡಿದುಕೊಂಡಿದ್ದೀರಿ? ನಕ್ಷೆ ನೋಡಿದರೆ ಹಾಸನಕ್ಕೆ ದೇವನಹಳ್ಳಿಗಿಂತ ಮಂಗಳೂರಿನ ವಿಮಾನ ನಿಲ್ದಾಣವೇ ಹತ್ತಿರ. ದೆಹಲಿಯಿಂದ ಮಂಗಳೂರಿಗೆ ವಿಮಾನ ಸಿಕ್ಕರೆ ಬೆಂಗಳೂರಿನ ವಾಹನ ದಟ್ಟಣೆಯ ತಲೆನೋವೇ ಇರುವುದಿಲ್ಲ.

ನಿವೃತ್ತ ಟಿ.ಸಿ.

ಸರ್, ಕಿಲೋಮೀಟರಿನ ಲೆಕ್ಕದಲ್ಲಿ ತಾವು ಹೇಳಿದ್ದು ಸರಿ. ಆದರೆ ನಡುವೆ ಶಿರಾಡಿ ಘಾಟಿ ಇದೆ, ಸಂಕಿರಣ ಇರುವುದು ಆಗಸ್ಟಿನಲ್ಲಿ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಬಸ್ಸು ಗುಂಡ್ಯದಲ್ಲಿ ನಿಲ್ಲುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಹತ್ತಿರ ಹಳಿಯ ಕೆಳಗಿನ ಮಣ್ಣು ಕುಸಿದಾಗ ರೈಲೂ ನಿಂತಿತ್ತು. ಸಕಲೇಶಪುರದವರಾದ ತಮಗೆ ನಾನು ಇದನ್ನು ಹೇಳಬೇಕಾಗಿಲ್ಲ. ಜನವರಿಯಲ್ಲಾಗಿದ್ದರೆ ತಮ್ಮ ಮಾತಿಗೆ ನಾನೂ ಕೈಜೋಡಿಸುತ್ತಿದ್ದೆ.

ಸಕಲೇಶಪುರದ ತೋಟದವರು

ಮಳೆಗಾಲದ ಮಾತು ಒಪ್ಪುತ್ತೇನೆ. ಆದರೂ ಬೆಂಗಳೂರಿನ ರಸ್ತೆಯಲ್ಲಿ ಎರಡು ಗಂಟೆ ಕಳೆಯುವುದಕ್ಕಿಂತ ಗುಂಡ್ಯದಲ್ಲಿ ಚಹಾ ಕುಡಿಯುತ್ತಾ ನಿಲ್ಲುವುದು ಮೇಲು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸಂಕಿರಣದ ಉಪನ್ಯಾಸಕಿ, ಹಾಸನ

ಟಿ.ಸಿ. ಸರ್ ಹೇಳಿದಂತೆ ಕೇಳಿ ಬರೆದೆ, ಇಂದು ಬೆಳಿಗ್ಗೆ ಉತ್ತರ ಬಂದಿದೆ. ಶುಕ್ರವಾರ, 7ನೆಯ ತಾರೀಖು, ರಾತ್ರಿ 9.20ಕ್ಕೆ ಅವರ ವಿಮಾನ ಇಳಿಯುತ್ತದೆ. ಒಂದು ಪೆಟ್ಟಿಗೆಯನ್ನು ವಿಮಾನಕ್ಕೆ ಹಾಕುತ್ತಾರಂತೆ. ಎಡ ಮೊಣಕಾಲಿನಲ್ಲಿ ನೋವಿದೆ, ಮೆಟ್ಟಿಲು ಹತ್ತಬಲ್ಲರು, ಆದರೆ ನಿಧಾನ. ಹಿಂದಿರುಗುವ ವಿಮಾನ ಸೋಮವಾರ ಮಧ್ಯಾಹ್ನ. ನಾವು ಅವರ ಪ್ರಬಂಧವನ್ನು ಶನಿವಾರ ಬೆಳಿಗ್ಗೆ 10.30ಕ್ಕೆ ಇಟ್ಟಿದ್ದೇವೆ.

ನನ್ನ ಪ್ರಶ್ನೆ ಬರುವ ಮೊದಲೇ ಅವರು ಒಂದು ಕೆಲಸ ಮಾಡಿಬಿಟ್ಟಿದ್ದಾರೆ. ಜಾಲತಾಣದಲ್ಲಿ ಮೆಜೆಸ್ಟಿಕ್‌ನಿಂದ ಹಾಸನಕ್ಕೆ ಶುಕ್ರವಾರದ ದಿನಾಂಕಕ್ಕೆ ಒಂದು ಆಸನ ಕಾಯ್ದಿರಿಸಿ, ಟಿಕೆಟ್ಟಿನ ಪ್ರತಿಯನ್ನೂ ಕಳುಹಿಸಿದ್ದಾರೆ. ಅದರಲ್ಲಿ ದಿನಾಂಕ 7, ಹೊರಡುವ ಸಮಯ 00:30 ಎಂದಿದೆ. ಮೂರು ಗಂಟೆಗಳ ಅಂತರವಿರುವುದರಿಂದ ಇದು ಸರಿಹೋಗುತ್ತದೆ ಎಂದು ನನಗನ್ನಿಸುತ್ತದೆ.

ವಾರಕ್ಕೊಮ್ಮೆ ಯಶವಂತಪುರ

ಹಾಗಾದರೆ ರೈಲು ಆಗುವುದಿಲ್ಲ, ಒಪ್ಪಿದೆ. ಕಣ್ಣೂರಿನ ಕಡೆಗೆ ಹೋಗುವ ರಾತ್ರಿಯ ಗಾಡಿ ಹತ್ತು ಗಂಟೆಯ ಆಸುಪಾಸಿನಲ್ಲಿ ಯಶವಂತಪುರ ಬಿಟ್ಟುಬಿಡುತ್ತದೆ, ಅಷ್ಟರಲ್ಲಿ ಇವರು ಪೆಟ್ಟಿಗೆಗಾಗಿ ಕಾಯುತ್ತಿರುತ್ತಾರೆ. ಇನ್ನೊಂದು ಮಾತು. ಅವರು ತಾವಾಗಿಯೇ ರೈಲು ಹುಡುಕಿದರೆ ಬೆಂಗಳೂರಿನಿಂದ ಮೈಸೂರು ಸುತ್ತಿ ಹಾಸನಕ್ಕೆ ಬರುವ ಗಾಡಿಗಳೂ ಅದೇ ಪಟ್ಟಿಯಲ್ಲಿ ಕಾಣುತ್ತವೆ. ಹೊರಡುವ ಮತ್ತು ತಲುಪುವ ಸಮಯ ಎರಡನ್ನೂ ನೋಡದೆ ಕಾಯ್ದಿರಿಸಬಾರದು.

ನಿವೃತ್ತ ಟಿ.ಸಿ.

ಮೇಡಂ, ಆ ಟಿಕೆಟ್ಟನ್ನು ಇನ್ನೊಮ್ಮೆ ನೋಡಿ. 7ನೆಯ ತಾರೀಖು 00:30 ಎಂದರೆ ಗುರುವಾರ ರಾತ್ರಿ ಹನ್ನೆರಡು ದಾಟಿದ ಮೇಲಿನ ಅರ್ಧ ಗಂಟೆ. ಅವರು ದೆಹಲಿಯಲ್ಲಿ ಮಲಗಿರುವಾಗ ಆ ಬಸ್ಸು ಕುಣಿಗಲ್ ದಾಟಿರುತ್ತದೆ. ಅವರ ವಿಮಾನ ಇಳಿಯುವುದು ಆ ಬಸ್ಸು ಹೊರಟು ಸುಮಾರು ಇಪ್ಪತ್ತೊಂದು ಗಂಟೆಯಾದ ಮೇಲೆ. ಶುಕ್ರವಾರ ರಾತ್ರಿಯ ಹನ್ನೆರಡೂವರೆಯ ಬಸ್ಸಿಗೆ 8ನೆಯ ತಾರೀಖಿನ ಟಿಕೆಟ್ ಬೇಕು.

ಈ ತಪ್ಪನ್ನು ನಾನು ಮೆಜೆಸ್ಟಿಕ್‌ನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮ ಜನ ಮಲಗಿ ಏಳುವವರೆಗೂ ಅದೇ ದಿನವೆಂದು ಎಣಿಸುತ್ತಾರೆ, ಗಣಕಯಂತ್ರ ಹನ್ನೆರಡಕ್ಕೇ ದಿನ ಬದಲಿಸುತ್ತದೆ. ಪ್ರಯಾಣಿಕರು ಬಂದು ಟಿಕೆಟ್ ತೋರಿಸುತ್ತಾರೆ, ನಿರ್ವಾಹಕ ತನ್ನ ಪಟ್ಟಿಯಲ್ಲಿ ಹುಡುಕುತ್ತಾನೆ, ಆ ಆಸನದಲ್ಲಿ ಬೇರೊಬ್ಬರ ಹೆಸರಿರುತ್ತದೆ. ಆಗ ಆಗುವ ಜಗಳದಲ್ಲಿ ಇಬ್ಬರೂ ಪ್ರಾಮಾಣಿಕರೇ. ಅದಕ್ಕಾಗಿ, ರಾತ್ರಿ ಬಸ್ಸಿನ ಬಗ್ಗೆ ಯಾರಿಗೆ ಬರೆದರೂ "ಶುಕ್ರವಾರ ರಾತ್ರಿ ಮಲಗುವ ಹೊತ್ತು, ಟಿಕೆಟ್ಟಿನಲ್ಲಿ ಶನಿವಾರ 8" ಎಂದು ವಾರ ಮತ್ತು ತಾರೀಖು ಎರಡನ್ನೂ ಕೂಡಿಸಿ ಬರೆಯಬೇಕು. ಈಗಲೇ ರದ್ದು ಮಾಡಿದರೆ ಸ್ವಲ್ಪ ಹಣ ಕಡಿತವಾಗಿ ಉಳಿದದ್ದು ಹಿಂದಿರುಗುತ್ತದೆ, ಬಸ್ಸು ಹೊರಟ ಮೇಲೆ ಏನೂ ಬರುವುದಿಲ್ಲ.

ಇನ್ನು ಸಮಯದ ಲೆಕ್ಕ. 9.20 ಎಂಬುದು ವಿಮಾನ ನೆಲ ಮುಟ್ಟುವ ಸಮಯ. ಇಳಿದು, ಪೆಟ್ಟಿಗೆ ಪಡೆದು, ಮೊಣಕಾಲು ನೋವಿನಲ್ಲಿ ನಡೆದು ವಾಯುವಜ್ರ ನಿಲ್ಲುವಲ್ಲಿಗೆ ಬರುವ ಹೊತ್ತಿಗೆ 10.10 ಎಂದಿಟ್ಟುಕೊಳ್ಳಿ. ಮೆಜೆಸ್ಟಿಕ್‌ಗೆ ಬರುವ ಬಸ್ಸಿನ ಫಲಕದ ಮೇಲೆ `KIA-9` ಎಂದಿರುತ್ತದೆ. ಕಾಯುವುದು ಇಪ್ಪತ್ತು ನಿಮಿಷ, ರಾತ್ರಿಯ ಪ್ರಯಾಣ ಒಂದು ಗಂಟೆ ಅಥವಾ ಸ್ವಲ್ಪ ಹೆಚ್ಚು, ಆಗ 11.45. ಆ ಬಸ್ಸು ಬಂದು ನಿಲ್ಲುವುದು ನಗರ ಸಾರಿಗೆಯ ನಿಲ್ದಾಣದಲ್ಲಿ, ಹಾಸನದ ಬಸ್ಸು ಹೊರಡುವುದು ರಸ್ತೆಯ ಆಚೆಯ ರಾಜ್ಯ ಸಾರಿಗೆಯ ನಿಲ್ದಾಣದಿಂದ. ಇಪ್ಪತ್ತು ವರ್ಷ ಈ ಕಡೆ ಬಾರದವರಿಗೆ ಈ ಎರಡು ನಿಲ್ದಾಣಗಳ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಪೆಟ್ಟಿಗೆ ಎಳೆದುಕೊಂಡು ದಾಟಲು ಅವರಿಗೆ ಹದಿನೈದು ನಿಮಿಷ ಬೇಕು. ಅಲ್ಲಿಗೆ ಹನ್ನೆರಡಾಯಿತು. ವಿಮಾನ ಅರ್ಧ ಗಂಟೆ ತಡವಾದರೆ ಹನ್ನೆರಡೂವರೆಯ ಬಸ್ಸು ಹೋಗಿರುತ್ತದೆ.

ಹಾಸನಕ್ಕೆ ಮೆಜೆಸ್ಟಿಕ್‌ನಿಂದ ಸುಮಾರು 185 ಕಿಲೋಮೀಟರ್. ರಾತ್ರಿಯಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ. ಎಲ್ಲವೂ ಸರಿಯಾಗಿ ನಡೆದರೆ ಬೆಳಗಿನ ಜಾವ ನಾಲ್ಕೂಕಾಲಿಗೆ ಅವರು ಹಾಸನದಲ್ಲಿ ಇಳಿಯುತ್ತಾರೆ. ಆ ಹೊತ್ತಿಗೆ ನಿಮ್ಮ ಅತಿಥಿಗೃಹದ ಬಾಗಿಲು ತೆರೆಯುವವರು ಯಾರು?

ಸಂಕಿರಣದ ಉಪನ್ಯಾಸಕಿ, ಹಾಸನ

ತಾರೀಖಿನ ವಿಷಯ ಓದಿ ಒಂದು ಕ್ಷಣ ಎದೆ ಝಲ್ಲೆಂದಿತು. ಕೂಡಲೇ ಅವರಿಗೆ ದೂರವಾಣಿ ಮಾಡಿ ರದ್ದು ಮಾಡಿಸಿದೆ. ಅತಿಥಿಗೃಹದ ಕಾವಲುಗಾರರು ಐದೂವರೆಯವರೆಗೆ ಏಳುವುದಿಲ್ಲ ಎಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಕಡೂರು ದಾರಿಯ ಶಿಕ್ಷಕಿ

ನಾನು ಚಿಕ್ಕಮಗಳೂರಿನವಳು. ನನ್ನ ಅನುಭವವೊಂದನ್ನು ಹೇಳುತ್ತೇನೆ, ಏಕೆಂದರೆ ಇದು ನಿಮ್ಮ ಅತಿಥಿಗೂ ಆಗಬಹುದು. ನಮ್ಮ ಶಾಲೆಗೆ ತರಬೇತಿ ನೀಡಲು ಬೆಂಗಳೂರಿನಿಂದ ಬರುತ್ತಿದ್ದವರಿಗೆ ಹಾಸನದಲ್ಲಿ ಇಳಿದು ನಮ್ಮ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಬನ್ನಿ ಎಂದು ಬರೆದಿದ್ದೆ. ಹಾಸನದ ಬಸ್ಸು ತುಂಬಿದ್ದರಿಂದ ಅವರು ಪಕ್ಕದಲ್ಲಿ ನಿಂತಿದ್ದ ಚಿಕ್ಕಮಗಳೂರಿನ ಬಸ್ಸು ಹತ್ತಿದರು. ಚಿಕ್ಕಮಗಳೂರಿನ ಬಸ್ಸು ಹಾಸನದ ಮೇಲೆಯೇ ಹೋಗಬೇಕಲ್ಲ ಎಂಬುದು ಅವರ ಎಣಿಕೆ. ಅದು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಮಾರ್ಗದ ಬಸ್ಸು. ತಿಪಟೂರಿನಲ್ಲಿ ಎಚ್ಚರವಾದಾಗ ನನಗೆ ದೂರವಾಣಿ ಮಾಡಿದರು. ಅವರು ಚಿಕ್ಕಮಗಳೂರನ್ನು ತಲುಪಿದರು, ಕಾರು ಮಾತ್ರ ಹಾಸನದಲ್ಲಿ ಕಾಯುತ್ತಲೇ ಇತ್ತು.

ಆದ್ದರಿಂದ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮಾರ್ಗವನ್ನು ಓದಲು ಹೇಳಿ. ಚನ್ನರಾಯಪಟ್ಟಣ ಎಂದಿದ್ದರೆ ಹಾಸನಕ್ಕೆ ಬರುತ್ತದೆ, ಅರಸೀಕೆರೆ ಎಂದಿದ್ದರೆ ಹತ್ತಬಾರದು.

ಇನ್ನೊಂದು ಸಂದೇಹ. ಮಹಿಳೆಯಾದ್ದರಿಂದ ಅವರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೇ ಬೇಡವಲ್ಲವೇ?

ನಿವೃತ್ತ ಟಿ.ಸಿ.

ಕಡೂರು ಮಾರ್ಗದ ಎಚ್ಚರಿಕೆ ಬಹಳ ಸರಿಯಾದದ್ದು, ನಾನು ಮರೆತಿದ್ದೆ. ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಮಾತೃಭಾಷೆ ಕನ್ನಡವಾದರೂ ಆಧಾರ್ ದೆಹಲಿಯದಾದರೆ ಟಿಕೆಟ್ ಪಡೆಯಲೇಬೇಕು. ಇದ್ದರೂ ವಾಯುವಜ್ರಕ್ಕೆ, ರಾಜಹಂಸಕ್ಕೆ, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ.

ಬೇಲೂರಿನವ

ನಾನು ಮೊದಲು ಪ್ರಶ್ನೆಯನ್ನು ತಪ್ಪಾಗಿ ತಿಳಿದುಕೊಂಡೆ, ಕ್ಷಮೆಯಿರಲಿ. ಈ ಸಲ ವಿಷಯಕ್ಕೆ ಸಂಬಂಧಿಸಿದ್ದನ್ನೇ ಹೇಳುತ್ತೇನೆ. ಮಂಗಳೂರಿನ ಕಡೆಗೆ ಹೋಗುವ ರಾತ್ರಿಯ ಖಾಸಗಿ ಬಸ್ಸುಗಳಲ್ಲಿ ಹಾಸನಕ್ಕೆ ಟಿಕೆಟ್ ಕೊಡುತ್ತಾರೆ, ಆದರೆ ಊರೊಳಗೆ ಬರುವುದಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಅಂಥ ಬಸ್ಸೊಂದು ನನ್ನನ್ನು ಬೆಳಗಿನ ಜಾವ ಮೂರು ಗಂಟೆಗೆ ಬೈಪಾಸ್ ರಸ್ತೆಯಲ್ಲಿ ಇಳಿಸಿ ಹೋಯಿತು. ಸುತ್ತಲೂ ಜೋಳದ ಹೊಲ, ಜಿಟಿಜಿಟಿ ಮಳೆ, ಎರಡು ನಾಯಿ. ಒಂದು ಹಾಲಿನ ವಾಹನದವರು ನಿಲ್ಲಿಸಿ ಹತ್ತಿಸಿಕೊಳ್ಳುವವರೆಗೆ ಮುಕ್ಕಾಲು ಗಂಟೆ ಮರದ ಕೆಳಗೆ ನಿಂತಿದ್ದೆ. ಟಿಕೆಟ್ಟಿನಲ್ಲಿ ಇಳಿಯುವ ಸ್ಥಳ ಎಂಬಲ್ಲಿ "ಹಾಸನ ಬೈಪಾಸ್" ಎಂದೇ ಬರೆದಿತ್ತು, ನಾನೇ ಓದಿರಲಿಲ್ಲ.

ಸಂಕಿರಣದ ಉಪನ್ಯಾಸಕಿ, ಹಾಸನ

ಇಷ್ಟೆಲ್ಲ ಓದಿದ ಮೇಲೆ, ಮೊಣಕಾಲು ನೋವಿರುವ ಹಿರಿಯರೊಬ್ಬರನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿ ಬೆಳಿಗ್ಗೆ ಹತ್ತೂವರೆಗೆ ವೇದಿಕೆ ಹತ್ತಿಸುವುದು ಸರಿಯೇ ಎಂಬ ಅಳುಕು ಹುಟ್ಟಿದೆ. ಕಾರು ಕಳುಹಿಸೋಣವೆಂದರೆ ಸಂಚಾಲಕರು ಒಪ್ಪುತ್ತಿಲ್ಲ, ಒಬ್ಬರಿಗೆ ಕಳುಹಿಸಿದರೆ ಉಳಿದ ಆರು ಜನರಿಗೂ ಕಳುಹಿಸಬೇಕಾಗುತ್ತದೆ ಎನ್ನುತ್ತಾರೆ.

ನಿವೃತ್ತ ಟಿ.ಸಿ.

ಮೇಡಂ, ಬಸ್ಸಿನ ವೇಳೆಯನ್ನು ನೀವು ಬದಲಿಸಲಾರಿರಿ, ವಿಮಾನದ ವೇಳೆಯನ್ನು ಅವರು ಬದಲಿಸಲಾರರು. ನಿಮ್ಮ ಕೈಯಲ್ಲಿರುವುದು ಪ್ರಬಂಧದ ವೇಳೆ. ಅದನ್ನು ಮಧ್ಯಾಹ್ನ ಊಟದ ನಂತರಕ್ಕೆ ತಳ್ಳಿದರೆ ಅವರು ರಾತ್ರಿ ಬೆಂಗಳೂರಿನಲ್ಲಿಯೇ ತಂಗಿ, ಬೆಳಿಗ್ಗೆ ಏಳರ ಬಸ್ಸು ಹಿಡಿದು, ಹನ್ನೊಂದೂವರೆಯ ಒಳಗೆ ಹಾಸನದಲ್ಲಿರುತ್ತಾರೆ. ಬೆಂಗಳೂರಿನಲ್ಲಿ ಅವರಿಗೆ ಬಂಧುಗಳಿದ್ದಾರೆಯೇ ಕೇಳಿ.

ಸಂಕಿರಣದ ಉಪನ್ಯಾಸಕಿ, ಹಾಸನ

ಕೇಳಿದೆ. ಮಲ್ಲೇಶ್ವರದಲ್ಲಿ ಅವರ ತಂಗಿಯ ಮನೆಯಿದೆಯಂತೆ! "ನಿಮ್ಮ ಕಾರ್ಯಕ್ರಮ ಪಟ್ಟಿ ನೋಡಿ, ಅಲ್ಲಿ ತಂಗುವಂತಿಲ್ಲವೆಂದು ತಿಳಿದಿದ್ದೆ" ಎಂದರು. ಮೊದಲ ಇಮೇಲಿನಲ್ಲಿ ಅವರು ಇದನ್ನು ಬರೆಯಲಿಲ್ಲ, ನಾವೂ ಕೇಳಲಿಲ್ಲ. ಆಹ್ವಾನ ಪತ್ರಿಕೆ ಅಚ್ಚಾಗಿರುವುದರಿಂದ ಸಂಚಾಲಕರು ಸ್ವಲ್ಪ ಮುಖ ಗಂಟಿಕ್ಕಿದರು, ಆದರೆ ಮಧ್ಯಾಹ್ನ 2.30ಕ್ಕೆ ಪ್ರಬಂಧವಿದ್ದ ನಮ್ಮ ಊರಿನವರೇ ಒಬ್ಬರು ಬೆಳಗಿನ ವೇಳೆಗೆ ಬರಲು ಒಪ್ಪಿದ್ದಾರೆ.

ಈಗ ಉತ್ತರದ ಕರಡು ಬರೆದಿದ್ದೇನೆ, ತಿದ್ದಿ ಕೊಡಿ.

"ಮಾನ್ಯರೇ, ತಮ್ಮ ಪ್ರಬಂಧವನ್ನು ಶನಿವಾರ ಮಧ್ಯಾಹ್ನ 2.30ಕ್ಕೆ ಬದಲಿಸಲಾಗಿದೆ. ಶುಕ್ರವಾರ ರಾತ್ರಿ ವಿಮಾನ ನಿಲ್ದಾಣದಿಂದ `KIA-9` ವಾಯುವಜ್ರ ಬಸ್ಸು ಹತ್ತಿ, ಮೇಖ್ರಿ ವೃತ್ತದಲ್ಲಿ ಇಳಿದರೆ ಮಲ್ಲೇಶ್ವರಕ್ಕೆ ಆಟೊದಲ್ಲಿ ಹೋಗಬಹುದು. ಹತ್ತುವಾಗಲೇ ಮೇಖ್ರಿ ವೃತ್ತದಲ್ಲಿ ಇಳಿಯುವುದಾಗಿ ನಿರ್ವಾಹಕರಿಗೆ ತಿಳಿಸಿ. 8ನೆಯ ತಾರೀಖು ಶನಿವಾರ ಬೆಳಿಗ್ಗೆ 7ರ ಆಸುಪಾಸಿನಲ್ಲಿ ಮೆಜೆಸ್ಟಿಕ್‌ನ ರಾಜ್ಯ ಸಾರಿಗೆ ನಿಲ್ದಾಣದಿಂದ ಹೊರಡುವ, ಚನ್ನರಾಯಪಟ್ಟಣ ಮಾರ್ಗದ ಹಾಸನದ ಬಸ್ಸಿನಲ್ಲಿ ಆಸನ ಕಾಯ್ದಿರಿಸಿಕೊಳ್ಳಿ. ಇಳಿಯುವ ಸ್ಥಳ ಹಾಸನ ಬಸ್ ನಿಲ್ದಾಣವೆಂದೇ ಇರಲಿ, ಬೈಪಾಸ್ ಬೇಡ. ಬಸ್ಸು ಚನ್ನರಾಯಪಟ್ಟಣ ಬಿಟ್ಟಾಗ ನನಗೆ ದೂರವಾಣಿ ಮಾಡಿದರೆ, ತಾವು ಇಳಿಯುವ ಹೊತ್ತಿಗೆ ನಮ್ಮ ವಿದ್ಯಾರ್ಥಿಯೊಬ್ಬರು ನಿಲ್ದಾಣದಲ್ಲಿರುತ್ತಾರೆ. ಅಲ್ಲಿಂದ ಕಾಲೇಜಿಗೆ ಆಟೊದಲ್ಲಿ ಹತ್ತು ಹದಿನೈದು ನಿಮಿಷ."

ವಾರಕ್ಕೊಮ್ಮೆ ಯಶವಂತಪುರ

ಕರಡು ಚೆನ್ನಾಗಿದೆ. ಒಂದೇ ತಕರಾರು. ಮಲ್ಲೇಶ್ವರದಿಂದ ಮತ್ತೆ ಮೆಜೆಸ್ಟಿಕ್‌ಗೆ ಹಿಂದಕ್ಕೆ ಹೋಗುವುದು ಏಕೆ? ಹಸಿರು ಮಾರ್ಗದ ಮೆಟ್ರೊದಲ್ಲಿ ಗೊರಗುಂಟೆಪಾಳ್ಯಕ್ಕೆ ಹೋದರೆ ಹಾಸನದ ಬಸ್ಸುಗಳೆಲ್ಲ ಅಲ್ಲಿಗೇ ಬರುತ್ತವೆ. ಅರ್ಧ ಗಂಟೆ ಉಳಿಯುತ್ತದೆ.

ನಿವೃತ್ತ ಟಿ.ಸಿ.

ಆಸನ ಕಾಯ್ದಿರಿಸದೆ ಅಲ್ಲಿ ನಿಂತರೆ ಕೈಯಲ್ಲಿ ಪೆಟ್ಟಿಗೆ ಹಿಡಿದು ಓಡಿ ಹತ್ತಬೇಕು. ಎರಡನೆಯ ಶನಿವಾರ ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ರಜೆ. ಬೆಂಗಳೂರಿನಲ್ಲಿರುವ ಹಾಸನದ ಜನರಲ್ಲಿ ಅರ್ಧದಷ್ಟು ಆ ದಿನ ಬೆಳಿಗ್ಗೆ ಊರಿಗೆ ಹೊರಟಿರುತ್ತಾರೆ. ಮೆಜೆಸ್ಟಿಕ್‌ನಲ್ಲಿ ತುಂಬಿದ ಬಸ್ಸು ಗೊರಗುಂಟೆಪಾಳ್ಯದಲ್ಲಿ ನಿಂತವರಿಗೆ ನಿಲ್ಲುವುದೇ ಇಲ್ಲ, ನಿಂತರೂ ಹಿಂದಿನ ಗಾಲಿಯ ಮೇಲಿನ ಆಸನ ಸಿಗುತ್ತದೆ. ಮೊಣಕಾಲು ಮಡಿಸಿ ನಾಲ್ಕು ಗಂಟೆ ಅಲ್ಲಿ ಕೂತವರಿಗೆ ಆ ದಿನ ಪ್ರಬಂಧ ಓದುವ ಉತ್ಸಾಹ ಉಳಿಯುವುದಿಲ್ಲ.

ವಾರಕ್ಕೊಮ್ಮೆ ಯಶವಂತಪುರ

ಕಾಯ್ದಿರಿಸುವಾಗಲೇ ಹತ್ತುವ ಸ್ಥಳವನ್ನು ಗೊರಗುಂಟೆಪಾಳ್ಯ ಎಂದು ಆರಿಸಿಕೊಂಡರೆ ಆಸನವೂ ಸಿಗುತ್ತದೆ, ಬಸ್ಸೂ ನಿಲ್ಲುತ್ತದೆ. ನಾನು ಹಾಗೆ ಬಂದಿದ್ದೇನೆ.

ನಿವೃತ್ತ ಟಿ.ಸಿ.

ಆ ಅವಕಾಶವಿರುವ ಬಸ್ಸಾದರೆ ನಿಮ್ಮ ಮಾತು ಸರಿ. ಆದರೆ ಅಲ್ಲಿ ಒಂದರ ಹಿಂದೊಂದು ಹತ್ತು ಬಸ್ಸು ಬಂದು ನಿಲ್ಲುತ್ತವೆ, ಚಾಲಕರು ಎರಡು ನಿಮಿಷವೂ ಕಾಯುವುದಿಲ್ಲ. ನಿಮ್ಮಂಥ ವಾರದ ಪ್ರಯಾಣಿಕರು ಬಸ್ಸಿನ ಸಂಖ್ಯೆ ನೋಡಿ ಕೈ ಅಡ್ಡ ಹಾಕುತ್ತೀರಿ, ಇವರು ಹಾಕಲಾರರು. ಮೆಜೆಸ್ಟಿಕ್‌ನಲ್ಲಿ ಬಸ್ಸು ಅಂಕಣಕ್ಕೆ ಬಂದು ನಿಂತಿರುತ್ತದೆ, ಅವರು ನಿಧಾನವಾಗಿ ಹತ್ತಬಹುದು, ನಿರ್ವಾಹಕನೇ ಪೆಟ್ಟಿಗೆ ಇಡಿಸಿಕೊಡುತ್ತಾನೆ. ನಾನಾದರೆ ಮೆಜೆಸ್ಟಿಕ್ ಎಂದೇ ಬರೆಯುತ್ತೇನೆ.

ಕರಡಿನಲ್ಲಿ ಎರಡು ಸಣ್ಣ ತಿದ್ದುಪಡಿ. ಆಸನ ಆರಿಸುವಾಗ ಮುಂದಿನ ಮೂರು ನಾಲ್ಕು ಸಾಲಿನೊಳಗೆ, ಎಡಗಾಲು ನಡುದಾರಿಯ ಕಡೆಗೆ ಚಾಚಲು ಬರುವಂತೆ ಬಲಬದಿಯ ಸಾಲಿನಲ್ಲಿ ಒಳಗಿನ ಆಸನ ಪಡೆಯಲು ಹೇಳಿ. ಇನ್ನೊಂದು, ಅವರ ಸಂಸ್ಥೆ ಬಸ್ಸಿನ ವೆಚ್ಚ ಕೊಡುವುದಾದರೆ ವಾಯುವಜ್ರದ ಚೀಟಿಯ ಛಾಯಾಚಿತ್ರವನ್ನು ಆಗಲೇ ತೆಗೆದುಕೊಳ್ಳಲಿ. ಯಂತ್ರದ ಆ ಕಾಗದದ ಮೇಲಿನ ಅಕ್ಷರ ಕೈಚೀಲದ ಬಿಸಿಗೆ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ, ದೆಹಲಿಯ ಲೆಕ್ಕಪತ್ರದವರಿಗೆ ಬರಿಯ ಬಿಳಿ ಕಾಗದ ತೋರಿಸಬೇಕಾಗುತ್ತದೆ.

ಕಡೂರು ದಾರಿಯ ಶಿಕ್ಷಕಿ

ಮೇಖ್ರಿ ವೃತ್ತದಲ್ಲಿ ರಾತ್ರಿ ಹನ್ನೊಂದರ ನಂತರ ಒಬ್ಬರೇ ಆಟೊಗಾಗಿ ಕಾಯುವುದು ನನಗೆ ಸರಿಕಾಣುವುದಿಲ್ಲ. ತಂಗಿಯ ಮನೆಯವರು ಯಾರಾದರೂ ಅಲ್ಲಿಗೆ ಬರಲು ಸಾಧ್ಯವೇ ಎಂಬುದನ್ನು ಕೇಳಿದ್ದೀರಾ?

ಸಂಕಿರಣದ ಉಪನ್ಯಾಸಕಿ, ಹಾಸನ

ಕೇಳಿದೆ, ತಂಗಿಯ ಮಗ ಸ್ಕೂಟರಿನಲ್ಲಿ ಬರುತ್ತಾನಂತೆ. ಪೆಟ್ಟಿಗೆ ಮತ್ತು ಮೊಣಕಾಲಿನ ನೋವಿನ ಜೊತೆ ಸ್ಕೂಟರ್ ಆಗುತ್ತದೆಯೇ ಎಂದೆ. ಅವನು ಆಟೊ ಹಿಡಿದು ಕೂರಿಸಿ, ತಾನು ಹಿಂದೆ ಬರುತ್ತಾನೆ ಎಂದರು. ಹೆಬ್ಬಾಳ ದಾಟಿದಾಗ ಅವನಿಗೆ ದೂರವಾಣಿ ಮಾಡುವಂತೆ ಸೇರಿಸಿದ್ದೇನೆ. ಮೆಜೆಸ್ಟಿಕ್ ಮತ್ತು ಗೊರಗುಂಟೆಪಾಳ್ಯ ಎರಡನ್ನೂ ಬರೆದು, ನಮ್ಮ ಸಲಹೆ ಮೆಜೆಸ್ಟಿಕ್ ಎಂದು ತಿಳಿಸಿ ಈಗಷ್ಟೇ ಕಳುಹಿಸಿದೆ.

ಇನ್ನು ಹಿಂದಿರುಗುವ ಪ್ರಯಾಣ. ಸೋಮವಾರ ಮಧ್ಯಾಹ್ನ ಒಂದೂವರೆಗೆ ವಿಮಾನ. ಸೋಮವಾರ ಬೆಳಿಗ್ಗೆ ಐದಕ್ಕೆ ಹಾಸನದಿಂದ ಹೊರಟರೆ ಸಾಕೇ?

ನಿವೃತ್ತ ಟಿ.ಸಿ.

ಸಾಲದು. ಐದಕ್ಕೆ ಹೊರಟ ಬಸ್ಸು ಎಂಟು ಗಂಟೆಗೆ ನೆಲಮಂಗಲಕ್ಕೆ ಬರುತ್ತದೆ, ಸೋಮವಾರ ಆ ಹೊತ್ತಿಗೆ ಅಲ್ಲಿಂದ ಗೊರಗುಂಟೆಪಾಳ್ಯದವರೆಗೆ ವಾಹನಗಳು ತೆವಳುತ್ತಿರುತ್ತವೆ. ಮೆಜೆಸ್ಟಿಕ್ ಮುಟ್ಟುವುದು ಒಂಬತ್ತೂವರೆಯೋ ಹತ್ತೋ. ಅಲ್ಲಿಂದ ವಾಯುವಜ್ರಕ್ಕೆ ಹಗಲಿನಲ್ಲಿ ಒಂದೂವರೆ ಗಂಟೆಗೂ ಮೀರಬಹುದು. ಭಾನುವಾರ ದೇವಸ್ಥಾನಗಳನ್ನು ನೋಡಿದ ಮೇಲೆ ಸಂಜೆಯೇ ಹೊರಟು ತಂಗಿಯ ಮನೆಗೆ ಹೋಗಲಿ ಎಂದರೆ, ಭಾನುವಾರ ಸಂಜೆ ಹಾಸನದಿಂದ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಟಿಕೆಟ್ಟನ್ನು ಇಂದೇ ತೆಗೆಸಿ.

ಬೇಲೂರಿನವ

ಹಾಗಾದರೆ ಭಾನುವಾರದ ಪ್ರವಾಸದಲ್ಲಿ ಹಳೇಬೀಡನ್ನು ಮೊದಲು ನೋಡಿ, ಬೇಲೂರಿನಿಂದ ನಾಲ್ಕು ಗಂಟೆಗೇ ಹೊರಡಿ. ಬೇಲೂರಿನಿಂದ ಹಾಸನಕ್ಕೆ ಒಂದು ಗಂಟೆ ಹಿಡಿಯುತ್ತದೆ.

ಸಂಕಿರಣದ ಉಪನ್ಯಾಸಕಿ, ಹಾಸನ

ಭಾನುವಾರ ಸಂಜೆ 6ರ ರಾಜಹಂಸದಲ್ಲಿ ಒಂದೇ ಆಸನ ಉಳಿದಿತ್ತು, ಹಿಂದಿನಿಂದ ಎರಡನೆಯ ಸಾಲು. ಅವರನ್ನು ಕೇಳಿ ಅದನ್ನೇ ಕಾಯ್ದಿರಿಸಿದ್ದೇನೆ. ತಾರೀಖು 9, ಭಾನುವಾರ, ಸಮಯ 18:00 ಎಂಬುದನ್ನು ಮೂರು ಸಲ ಓದಿದೆ. ಮುಂದಿನ ಸಾಲಿನಲ್ಲಿ ಯಾರಾದರೂ ರದ್ದು ಮಾಡುತ್ತಾರೆಯೇ ಎಂದು ದಿನಕ್ಕೊಮ್ಮೆ ನೋಡುತ್ತಿರುತ್ತೇನೆ.